ಗೃಹಸಾಲ ಪಡೆದವರು ತೀರಿಕೊಂಡಾಗ: ವಿಮಾ ಕಂಪನಿಗೆ ಬ್ಯಾಂಕ್ ಬರೆಯುವ ಪತ್ರದಲ್ಲಿ ಏನಿರಬೇಕು?

ಗೃಹಸಾಲದ ಜೊತೆಗೆ ಮಾಡಿಸಿದ ಜೀವವಿಮೆಯ ಹಣ ತಾನಾಗಿ ಬರುವುದಿಲ್ಲ. ಸಾಲಗಾರರು ತೀರಿಕೊಂಡ ಮೇಲೆ ಬ್ಯಾಂಕಿನ ಶಾಖೆ ವಿಮಾ ಕಂಪನಿಗೆ ಒಂದು ಪತ್ರ ಬರೆದು ಕ್ಲೇಮ್ ಕೇಳಬೇಕು. ಇದು ಗುಂಪು ವಿಮೆ. ಮಾಸ್ಟರ್ ಪಾಲಿಸಿ ಬ್ಯಾಂಕಿನ ಹೆಸರಿನಲ್ಲಿರುತ್ತದೆ, ಸಾಲಗಾರರು ಅದರ ಒಬ್ಬ ಸದಸ್ಯರು ಅಷ್ಟೆ. ಅದಕ್ಕೇ ಕಾಗದ ಬ್ಯಾಂಕಿನ ಮೂಲಕ ಹೋಗುತ್ತದೆ. ಶಾಖೆಯಲ್ಲಿ ಸಾಲದ ಮೇಜು ನೋಡಿಕೊಳ್ಳುವವರಿಗೂ, ಮನೆಯವರನ್ನು ಕಳೆದುಕೊಂಡು ಶಾಖೆಗೆ ಅಲೆಯುತ್ತಿರುವವರಿಗೂ ಇದು ಒಂದೇ ಸಲ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ. ಪತ್ರ ಬರೆಯುವುದು ಶಾಖೆಯವರೇ ಆದರೂ ಅದು ಹೋಗುವ ಮುಂಚೆ ಮನೆಯವರು ಒಮ್ಮೆ ಓದಿ ನೋಡಬೇಕು. ತಪ್ಪು ಪತ್ರದ ನಷ್ಟ ಬೀಳುವುದು ಅವರ ಮೇಲೆಯೇ.

ಪತ್ರದ ಜೀವ ಎರಡು ಅಂಕಿಗಳಲ್ಲಿದೆ. ಸಾವಿನ ದಿನ ವಿಮೆಯ ಕವರ್ ಎಷ್ಟಿತ್ತು ಎನ್ನುವುದು ಒಂದು. ಅದೇ ದಿನ ಸಾಲದ ಬಾಕಿ ಎಷ್ಟಿತ್ತು ಎನ್ನುವುದು ಇನ್ನೊಂದು. ಇವೆರಡೂ ಒಂದೇ ಎಂದುಕೊಂಡು ಬರೆದ ಪತ್ರ ವಾಪಸ್ ಬರುತ್ತದೆ. ಇಲ್ಲವೇ ಹಣ ಬಂದ ಮೇಲೆ ಜಗಳವಾಗುತ್ತದೆ.

ಮೊದಲು ಸರ್ಟಿಫಿಕೇಟ್ ಹುಡುಕಿ

ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್ ಎನ್ನುವ ಕಾಗದ ಸಾಲ ಕೊಟ್ಟಾಗಲೇ ಬಂದಿರುತ್ತದೆ. ಮನೆಯಲ್ಲಿ ಸಿಗದಿದ್ದರೆ ಸಾಲದ ಖಾತೆಯ ಸ್ಟೇಟ್‌ಮೆಂಟನ್ನು ಮೊದಲ ಪುಟದಿಂದ ತೆಗೆಸಿ. ಸಾಲ ಬಿಡುಗಡೆಯಾದ ವಾರದಲ್ಲಿ ವಿಮಾ ಕಂಪನಿಯ ಹೆಸರಿಗೆ ಪ್ರೀಮಿಯಂ ಹೋಗಿದ್ದು ಕಾಣುತ್ತದೆ. ಸಾಮಾನ್ಯವಾಗಿ ಅದು ಒಂದೇ ಸಲ ಕಟ್ಟಿದ ಪ್ರೀಮಿಯಂ. ಎಷ್ಟೋ ಸಲ ಅದನ್ನೂ ಸಾಲಕ್ಕೇ ಸೇರಿಸಿರುತ್ತಾರೆ. ಹಾಗಾಗಿ ನಡುವೆ ಒಂದೆರಡು ಇಎಂಐ ತಪ್ಪಿದ್ದರೂ ಕವರ್ ಸತ್ತಿತು ಎಂದು ಹೆದರಬೇಕಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದಾಗ ಮೂರು ವಿಷಯ ನೋಡಿ. ಇದು ಜೀವವಿಮೆಯೋ, ಮನೆಗೆ ಬೆಂಕಿ ಬಿದ್ದರೆ ಸಿಗುವ ವಿಮೆಯೋ, ಬರೀ ಅಪಘಾತದ ಸಾವಿಗೆ ಸಿಗುವ ವಿಮೆಯೋ? ಮೂರಕ್ಕೂ ಜನ 'ಲೋನ್ ಇನ್ಶೂರೆನ್ಸ್' ಎಂದೇ ಹೇಳುತ್ತಾರೆ. ಎರಡನೆಯದು, ವಿಮೆ ಯಾರ ಜೀವದ ಮೇಲಿದೆ? ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಸಾಲ ಇದ್ದು ಒಬ್ಬರಿಗೆ ಮಾತ್ರ ವಿಮೆ ಇರಬಹುದು. ಅಥವಾ ಇಬ್ಬರಿಗೂ ಅರ್ಧರ್ಧ ಇರಬಹುದು. ಅರ್ಧ ಇದ್ದರೆ ಅರ್ಧವೇ ಬರುತ್ತದೆ. ಮೂರನೆಯದು, ಕವರ್ ಎಷ್ಟು ವರ್ಷಕ್ಕೆ? ಸಾಲ 20 ವರ್ಷದ್ದಾಗಿದ್ದು ಕವರ್ ಅದಕ್ಕಿಂತ ಕಡಿಮೆ ವರ್ಷದ್ದಾಗಿರುವುದು ಅಪರೂಪವೇನಲ್ಲ.

ಸುದ್ದಿ ಮೊದಲು, ಕಾಗದ ಆಮೇಲೆ

ಮರಣ ಪ್ರಮಾಣಪತ್ರ ಬರಲಿ, ಆಮೇಲೆ ಬ್ಯಾಂಕಿಗೆ ಹೋಗೋಣ ಎಂದು ಕಾಯುವುದು ಬೇಡ. ಸಾವಿನ ಸುದ್ದಿಯನ್ನು ಒಂದು ಸಾದಾ ಅರ್ಜಿಯಲ್ಲಿ ಬರೆಯಿರಿ. ಸಾಲದ ಖಾತೆ ಸಂಖ್ಯೆ, ಸರ್ಟಿಫಿಕೇಟ್ ಸಂಖ್ಯೆ, ತೀರಿಕೊಂಡ ದಿನ, ನಾಮಿನಿಯ ಹೆಸರು, ಇಷ್ಟಿದ್ದರೆ ಸಾಕು. ಶಾಖೆಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಅದನ್ನೇ ವಿಮಾ ಕಂಪನಿಯ ಕ್ಲೇಮ್ ಇಮೇಲ್‌ಗೂ ಕಳಿಸಿ. ಶಾಖೆಯವರು ಅದೇ ದಿನ ತಮ್ಮ ಇಮೇಲ್‌ನಿಂದ ಸುದ್ದಿ ಮುಟ್ಟಿಸಿದರೆ ಒಳ್ಳೆಯದು. ಪೂರ್ತಿ ಪತ್ರ ಆಮೇಲೆ ಹೋಗಲಿ.

ಇನ್ನೊಂದು ಕೆಲಸವೂ ಅದೇ ದಿನ ಆಗಬೇಕು. ತೀರಿಕೊಂಡವರ ಉಳಿತಾಯ ಖಾತೆಯಿಂದ ಇಎಂಐ ಕಡಿತವಾಗುತ್ತಿದ್ದರೆ ಮುಂದೇನು ಮಾಡಬೇಕೆಂದು ಶಾಖೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಂತು ನಿಂತರೆ ಬಡ್ಡಿ ನಿಲ್ಲುವುದಿಲ್ಲ. ಕಂತು ಹೋದರೆ ಆ ಹಣದ ಲೆಕ್ಕ ಪತ್ರದಲ್ಲಿ ಬೇರೆಯಾಗಿ ಕಾಣಬೇಕು.

ಎರಡು ಅಂಕಿಗಳು: ಒಂದು ಉದಾಹರಣೆ

ದಾವಣಗೆರೆಯ ಒಬ್ಬ ಶಿಕ್ಷಕರು ಎಂದಿಟ್ಟುಕೊಳ್ಳಿ. 2021ರ ಜುಲೈ 5ರಂದು 30 ಲಕ್ಷ ರೂಪಾಯಿ ಗೃಹಸಾಲ ತೆಗೆದರು. 20 ವರ್ಷ, ಬಡ್ಡಿ ಶೇ 7, ಇಎಂಐ 23,259 ರೂಪಾಯಿ. ಅದೇ ದಿನ 30 ಲಕ್ಷದ ಇಳಿಕೆ ಕವರ್ ಶುರುವಾಯಿತು. ಇಳಿಕೆ ಕವರ್ ಎಂದರೆ ಸಾಲ ತೀರುತ್ತ ಹೋದ ಹಾಗೆ ವಿಮೆಯ ಮೊತ್ತವೂ ಇಳಿಯುತ್ತದೆ. ಸರ್ಟಿಫಿಕೇಟಿನ ಹಿಂದೆ ತಿಂಗಳು ತಿಂಗಳಿಗೆ ಎಷ್ಟು ಕವರ್ ಎಂಬ ಶೆಡ್ಯೂಲ್ ಅಚ್ಚಾಗಿರುತ್ತದೆ.

ಆ ಶೆಡ್ಯೂಲನ್ನು ಲೆಕ್ಕ ಹಾಕಿದ್ದು 2021ರ ಬಡ್ಡಿ ದರದಲ್ಲಿ. ಆಮೇಲೆ ಏನಾಯಿತು? 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರವನ್ನು ಶೇ 4ರಿಂದ ಶೇ 6.5ಕ್ಕೆ ಏರಿಸಿತು. ರೆಪೋಗೆ ಕಟ್ಟಿದ ಸಾಲಗಳ ಬಡ್ಡಿಯೂ ಅದರ ಹಿಂದೆಯೇ ಏರಿತು. ನಮ್ಮ ಶಿಕ್ಷಕರ ಸಾಲ ಹಂತ ಹಂತವಾಗಿ ಶೇ 9.5 ಮುಟ್ಟಿತು. ಬ್ಯಾಂಕು ಸ್ವಲ್ಪ ಕಾಲ ಇಎಂಐ ಹಾಗೇ ಬಿಟ್ಟು ವರ್ಷಗಳನ್ನು ಉದ್ದ ಮಾಡಿತು. ಆಮೇಲೆ ಇಎಂಐಯನ್ನು 26,000ಕ್ಕೆ ಏರಿಸಿತು. ಕಟ್ಟುವ ಹಣದಲ್ಲಿ ಬಡ್ಡಿಗೆ ಹೋಗುವುದೇ ಜಾಸ್ತಿಯಾಯಿತು, ಅಸಲು ಕರಗುವುದು ನಿಧಾನವಾಯಿತು. ವಿಮೆಯ ಶೆಡ್ಯೂಲ್ ಮಾತ್ರ ಅಲ್ಲಾಡಲಿಲ್ಲ. ಅದು ಮೊದಲ ದಿನ ಬರೆದ ಹಾಗೇ ಇಳಿಯುತ್ತ ಹೋಯಿತು.

2025ರ ಮಾರ್ಚ್ 14ರಂದು ಅವರು ತೀರಿಕೊಂಡರು. ಅಷ್ಟರಲ್ಲಿ 44 ಕಂತು ಕಟ್ಟಿದ್ದರು, ಕೊನೆಯದು ಮಾರ್ಚ್ 5ರದು. ಶೆಡ್ಯೂಲ್‌ನಲ್ಲಿ 45ನೇ ತಿಂಗಳ ಸಾಲು ನೋಡಿದರೆ ಕವರ್ 27,12,067 ರೂಪಾಯಿ. ಸಾಲದ ಖಾತೆಯಲ್ಲಿ ಅಸಲು ಬಾಕಿ 28,28,866 ರೂಪಾಯಿ. ಅದರ ಮೇಲೆ ಮಾರ್ಚ್ 5ರಿಂದ 14ರವರೆಗಿನ ಒಂಬತ್ತು ದಿನದ ಬಡ್ಡಿ 6,627. ಒಟ್ಟು 28,35,493. ಅಂದರೆ ಸಾವಿನ ದಿನವೇ ಕವರ್‌ಗಿಂತ ಸಾಲ 1,23,426 ರೂಪಾಯಿ ಜಾಸ್ತಿ ಇತ್ತು.

ಶಾಖೆಯವರು 'ಸಾಲದ ಪೂರ್ತಿ ಬಾಕಿ 28,35,493 ಕೊಡಿ' ಎಂದು ಬರೆದರೆ ವಿಮಾ ಕಂಪನಿ ಒಪ್ಪುವುದಿಲ್ಲ. ಅದು ಕೊಡುವುದು ಶೆಡ್ಯೂಲ್‌ನಲ್ಲಿರುವ ಮೊತ್ತ. ಹಾಗೆಂದು ಬಾಕಿಯನ್ನೇ ತೋರಿಸದೆ ಬರೀ ಕವರ್ ಮೊತ್ತ ಬರೆದರೂ ತಪ್ಪು. ಬಾಕಿ ಎಷ್ಟು ಎಂದು ತಿಳಿಯದೆ ಬ್ಯಾಂಕಿಗೆ ಎಷ್ಟು, ನಾಮಿನಿಗೆ ಎಷ್ಟು ಎಂದು ಕಂಪನಿ ಹಂಚಲಾರದು. ಎರಡೂ ಅಂಕಿ ಬೇರೆ ಬೇರೆ ಸಾಲಿನಲ್ಲಿ, ಒಂದೇ ತಾರೀಖಿಗೆ ಬರಬೇಕು. ಆ ತಾರೀಖು ಸಾವಿನ ದಿನ. ಪತ್ರ ಬರೆದ ದಿನವಲ್ಲ. ಕಂಪ್ಯೂಟರಿನಲ್ಲಿ ಇವತ್ತಿನ ಬಾಕಿ ಥಟ್ಟನೆ ಕಾಣುತ್ತದೆ, ಅದನ್ನೇ ಬರೆದುಬಿಡುತ್ತಾರೆ. ವಾಪಸ್ ಬರುವ ಪತ್ರಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ.

ಲೆಕ್ಕ ಉಲ್ಟಾ ಆಗುವುದೂ ಉಂಟು. ಶಿಕ್ಷಕರು ನಡುವೆ ಒಂದಿಷ್ಟು ಹಣ ಸೇರಿಸಿ 6 ಲಕ್ಷ ಮುಂಗಡ ಕಟ್ಟಿದ್ದರೆ ಬಾಕಿ ಕವರ್‌ಗಿಂತ ಕೆಳಗೆ ಬರುತ್ತಿತ್ತು. ಶೆಡ್ಯೂಲ್ ಪ್ರಕಾರ ಕೊಡುವ ಪಾಲಿಸಿಯಲ್ಲಿ ಬಾಕಿಯಷ್ಟು ಬ್ಯಾಂಕಿಗೆ, ಮಿಕ್ಕಿದ್ದು ನಾಮಿನಿಗೆ. ಬ್ಯಾಂಕಿಗೆ ನೇರವಾಗಿ ಹಣ ಕೊಡಿ ಎಂದು ಸಾಲಗಾರರು ಮೊದಲೇ ಸಹಿ ಮಾಡಿದ ಒಪ್ಪಿಗೆ ಇರುತ್ತದಲ್ಲ, ಅದು ಆ ಸಾಲದ ಬಾಕಿಯಷ್ಟಕ್ಕೆ ಮಾತ್ರ. ಉಳಿದ ಹಣವನ್ನು ಕ್ರೆಡಿಟ್ ಕಾರ್ಡ್ ಬಾಕಿಗೋ ಇನ್ನೊಂದು ಸಾಲಕ್ಕೋ ಹಿಡಿದುಕೊಳ್ಳಲು ಅದು ಅನುಮತಿಯಲ್ಲ.

ಪತ್ರ ಹೀಗಿರಲಿ

ವಿಮಾ ಕಂಪನಿಗಳ ಕ್ಲೇಮ್ ವಿಭಾಗಕ್ಕೆ ಶಾಖೆಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಬರೆಯುತ್ತವೆ. ವಿಷಯ ಮಾತ್ರ ಇದೇ. ಮೇಲಿನ ಉದಾಹರಣೆಯನ್ನೇ ಇಟ್ಟುಕೊಂಡು ಬರೆದರೆ ಹೀಗಾಗುತ್ತದೆ:

ವಿಷಯ: ಮಾಸ್ಟರ್ ಪಾಲಿಸಿ ಸಂಖ್ಯೆ ____, ಸರ್ಟಿಫಿಕೇಟ್ ಸಂಖ್ಯೆ ____, ಗೃಹಸಾಲ ಖಾತೆ ____, ಸದಸ್ಯರ ಮರಣದ ಕ್ಲೇಮ್.

ಮಾನ್ಯರೇ,

ನಮ್ಮ ಶಾಖೆಯ ಗೃಹಸಾಲಗಾರರೂ ಮೇಲಿನ ಪಾಲಿಸಿಯ ಸದಸ್ಯರೂ ಆದ ಶ್ರೀ ____ ಅವರು 14-03-2025ರಂದು ತೀರಿಕೊಂಡಿದ್ದಾರೆ. ಈ ಸುದ್ದಿಯನ್ನು ____ರಂದು ಇಮೇಲ್ ಮೂಲಕ ತಮಗೆ ತಿಳಿಸಿದ್ದೇವೆ. ಮರಣದ ಕಾರಣ ಲಗತ್ತಿಸಿದ ವೈದ್ಯಕೀಯ ಪ್ರಮಾಣಪತ್ರದಲ್ಲಿ ಇರುವಂತೆ.

ಕವರ್ ಶುರುವಾದ ದಿನ 05-07-2021. ಮೂಲ ವಿಮಾ ಮೊತ್ತ 30,00,000 ರೂ. ವಿಮೆ ಇರುವುದು ಮೇಲೆ ಹೇಳಿದ ಸದಸ್ಯರ ಜೀವದ ಮೇಲೆ ಮಾತ್ರ, ಪೂರ್ಣ ಪಾಲು. ಶೆಡ್ಯೂಲ್ ಪ್ರಕಾರ ಮರಣದ ದಿನದ ಕವರ್ (45ನೇ ತಿಂಗಳು): 27,12,067 ರೂ.

14-03-2025ಕ್ಕೆ ಸಾಲದ ಸ್ಥಿತಿ: ಅಸಲು 28,28,866 ರೂ. ಆ ದಿನದವರೆಗಿನ ಬಡ್ಡಿ 6,627 ರೂ. ತಪ್ಪಿದ ಕಂತು ಇಲ್ಲ. ದಂಡ ಶುಲ್ಕ ಇಲ್ಲ. ಒಟ್ಟು 28,35,493 ರೂ. ಮರಣದ ನಂತರ ಖಾತೆಗೆ ಯಾವ ಕಂತೂ ಜಮೆಯಾಗಿಲ್ಲ.

ಸದಸ್ಯರು ಸೇರುವಾಗ ಕೊಟ್ಟ ಒಪ್ಪಿಗೆಯಂತೆ 27,12,067 ರೂಪಾಯಿಯನ್ನು ಮೇಲಿನ ಗೃಹಸಾಲ ಖಾತೆಗೇ ಜಮೆ ಮಾಡಲು ಕೋರುತ್ತೇವೆ. ಪಾಲಿಸಿಯ ಪ್ರಕಾರ ಬಾಕಿಗಿಂತ ಹೆಚ್ಚಿನ ಮೊತ್ತ ಸಲ್ಲಬೇಕಾದಲ್ಲಿ ಅದನ್ನು ನಾಮಿನಿ ಶ್ರೀಮತಿ ____ ಅವರ ಖಾತೆಗೆ ನೇರವಾಗಿ ಕೊಡತಕ್ಕದ್ದು. ಅವರ ಖಾತೆಯ ವಿವರ ಮತ್ತು ರದ್ದು ಮಾಡಿದ ಚೆಕ್ ಲಗತ್ತಿಸಿದೆ.

ಇನ್ನೇನಾದರೂ ಬೇಕಿದ್ದಲ್ಲಿ ಎಲ್ಲವನ್ನೂ ಒಂದೇ ಸಲ, ಬರಹದಲ್ಲಿ, ಈ ಶಾಖೆಗೂ ನಾಮಿನಿಗೂ ತಿಳಿಸಲು ಕೋರಿಕೆ.

ಪ್ರತಿ: ನಾಮಿನಿ.

ಅಷ್ಟೇ. ಒಂದು ಪುಟ ದಾಟಬೇಕಿಲ್ಲ.

ಮರಣದ ಕಾರಣದ ಸಾಲನ್ನು ಇನ್ನೊಮ್ಮೆ ನೋಡಿ. ಶಾಖೆಯವರು ತಮಗೆ ತಿಳಿದದ್ದನ್ನು ಅಲ್ಲಿ ಸೇರಿಸಬಾರದು. 'ಬಹಳ ದಿನದಿಂದ ಹುಷಾರಿರಲಿಲ್ಲ' ಎಂದು ಕನಿಕರದಿಂದ ಬರೆದ ಒಂದು ಮಾತು ಸಾಕು. ಸಾಲ ತೆಗೆಯುವಾಗಲೇ ಕಾಯಿಲೆ ಇತ್ತೇ, ಮುಚ್ಚಿಟ್ಟರೇ ಎಂಬ ತನಿಖೆಗೆ ಅದೇ ದಾರಿಯಾಗುತ್ತದೆ. ಡಾಕ್ಟರು ಬರೆದದ್ದು ಲಗತ್ತಿನಲ್ಲಿದೆ, ಅದೇ ಮಾತಾಡಲಿ.

ಕವರ್ ಶುರುವಾದ ದಿನವನ್ನು ಬರೆಯುವುದಕ್ಕೂ ಕಾರಣವಿದೆ. ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ, ಮೂರು ವರ್ಷ ಕಳೆದ ಮೇಲೆ ಆರೋಗ್ಯದ ವಿಷಯ ಮುಚ್ಚಿಟ್ಟರು ಎಂಬ ನೆಪದಲ್ಲಿ ಜೀವವಿಮೆಯನ್ನು ಪ್ರಶ್ನಿಸುವಂತಿಲ್ಲ. ನಮ್ಮ ಉದಾಹರಣೆಯಲ್ಲಿ 2024ರ ಜುಲೈಗೇ ಮೂರು ವರ್ಷ ಮುಗಿದಿತ್ತು. ಆದರೆ 2023ರಲ್ಲಿ ಟಾಪ್‌ಅಪ್ ಸಾಲ ತೆಗೆದು ಅದಕ್ಕೆ ಬೇರೆ ಸರ್ಟಿಫಿಕೇಟ್ ಮಾಡಿಸಿದ್ದರೆ ಅದರ ಮೂರು ವರ್ಷ ಬೇರೆ. ಎರಡು ಸರ್ಟಿಫಿಕೇಟ್ ಇದ್ದರೆ ಎರಡು ಪತ್ರ ಬರೆಯಿರಿ. ಒಂದರ ಮೇಲೆ ತನಿಖೆ ನಡೆದರೆ ಇನ್ನೊಂದು ಸಿಕ್ಕಿಹಾಕಿಕೊಳ್ಳುವುದಿಲ್ಲ.

ಜೊತೆಗೆ ಹೋಗಬೇಕಾದ ಕಾಗದ

ಪಟ್ಟಿ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬದಲಾಗುತ್ತದೆ. ಹೆಚ್ಚಾಗಿ ಕೇಳುವುದು ಇವು: ಭರ್ತಿ ಮಾಡಿದ ಕ್ಲೇಮ್ ಫಾರಂ, ಮರಣ ಪ್ರಮಾಣಪತ್ರ, ಸರ್ಟಿಫಿಕೇಟ್, ಸಾಲ ಬಿಡುಗಡೆಯಾದ ದಿನದಿಂದ ಸಾವಿನ ದಿನದವರೆಗಿನ ಪೂರ್ತಿ ಸ್ಟೇಟ್‌ಮೆಂಟ್, ಸದಸ್ಯರು ಸಹಿ ಮಾಡಿದ ಒಪ್ಪಿಗೆ ಮತ್ತು ಆರೋಗ್ಯ ಘೋಷಣೆಯ ಪ್ರತಿ, ನಾಮಿನಿಯ ಗುರುತಿನ ಮತ್ತು ಖಾತೆಯ ದಾಖಲೆ. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಮರಣದ ಕಾರಣ ಬರೆದ ಫಾರಂ 4, ಮನೆಯಲ್ಲಾದರೆ ನೋಡಿದ ವೈದ್ಯರು ಕೊಡುವ ಫಾರಂ 4ಎ. ಅಪಘಾತವಾದರೆ ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿ. ಮರಣವನ್ನು 21 ದಿನದೊಳಗೆ ನೋಂದಾಯಿಸಿದರೆ ಪ್ರಮಾಣಪತ್ರ ಸುಲಭವಾಗಿ ಸಿಗುತ್ತದೆ. ತಡವಾದರೆ ಮೇಲಿನ ಅಧಿಕಾರಿಯ ಅನುಮತಿ, ಸ್ವಯಂ ದೃಢೀಕರಿಸಿದ ದಾಖಲೆ ಎಂದು ಸುತ್ತಾಟ ಶುರುವಾಗುತ್ತದೆ.

ನಮ್ಮ ಕಡೆ ಕಾಗದ ಎಡವುವುದು ಹೆಸರಿನಲ್ಲಿ. ಸಾಲದ ಖಾತೆಯಲ್ಲಿ 'ಎಸ್. ಮಂಜುನಾಥ', ಆಧಾರ್‌ನಲ್ಲಿ 'ಮಂಜುನಾಥ ಸಿದ್ದಪ್ಪ', ಮರಣ ಪ್ರಮಾಣಪತ್ರದಲ್ಲಿ 'ಮಂಜುನಾಥ ಎಸ್. ಬಿನ್ ಸಿದ್ದಪ್ಪ' ಎಂದಿರುತ್ತದೆ. ಬ್ರಾಂಚಿನಲ್ಲಿ ಎಲ್ಲರಿಗೂ ಗೊತ್ತು ಮೂವರೂ ಒಬ್ಬರೇ ಎಂದು. ಬೇರೆ ರಾಜ್ಯದ ಆಫೀಸಿನಲ್ಲಿ ಕೂತು ಕಾಗದ ನೋಡುವವರಿಗೆ ಮೂವರು ಕಾಣುತ್ತಾರೆ. ಹಾಗಾಗಿ ಪತ್ರದಲ್ಲೇ ಒಂದು ಸಾಲು ಸೇರಿಸಿ: 'ಈ ಮೂರೂ ಹೆಸರುಗಳು ಒಬ್ಬರವೇ, ನಮ್ಮ ಕೆವೈಸಿ ದಾಖಲೆಯೊಂದಿಗೆ ಹೋಲಿಸಿ ನೋಡಿದ್ದೇವೆ.' ನಾಮಿನಿಯಿಂದ ನೋಟರಿ ಅಫಿಡವಿಟ್ ಮಾಡಿಸಿ ಮೊದಲೇ ಲಗತ್ತಿಸಿದರೆ ಇನ್ನೂ ಒಳ್ಳೆಯದು. ಮರಣ ನೋಂದಣಿ ಮಾಡಿಸುವಾಗಲೇ ಆಧಾರ್‌ನಲ್ಲಿದ್ದ ಹಾಗೆ ಬರೆಸಿದರೆ ಈ ತಾಪತ್ರಯವೇ ಇರುವುದಿಲ್ಲ.

ಒಂದು ದಿನದ ಬೆಲೆ

28,28,866 ರೂಪಾಯಿ ಅಸಲಿಗೆ ಶೇ 9.5ರಂತೆ ದಿನಕ್ಕೆ 736 ರೂಪಾಯಿ ಬಡ್ಡಿ ಏರುತ್ತದೆ. ವಿಮಾ ಹಣ ಸಾವಿನ ದಿನದ ಶೆಡ್ಯೂಲ್‌ಗೆ ನಿಂತುಬಿಟ್ಟಿದೆ, ಸಾಲ ಮಾತ್ರ ಬೆಳೆಯುತ್ತಲೇ ಇರುತ್ತದೆ. ಪತ್ರ ಸರಿಯಾಗಿದ್ದು ಹಣ ಏಪ್ರಿಲ್ 19ಕ್ಕೆ ಬಂದರೆ 36 ದಿನದ ಬಡ್ಡಿ ಸುಮಾರು 26,500. ತಪ್ಪು ತಾರೀಖಿನ ಬಾಕಿ ಬರೆದು, ಪತ್ರ ವಾಪಸ್ ಬಂದು, ತಿದ್ದಿ ಕಳಿಸಿ, ಮೇ 19ಕ್ಕೆ ಹಣ ಬಂದರೆ ಸುಮಾರು 48,600. ಒಂದು ಸಾಲಿನ ತಪ್ಪಿಗೆ ಮನೆಯವರು ತೆರುವ ಬೆಲೆ 22 ಸಾವಿರ. ಆಗ ವಿಮೆ ಜಮೆಯಾದ ಮೇಲೂ ಖಾತೆಯಲ್ಲಿ ಸುಮಾರು 1.72 ಲಕ್ಷ ಉಳಿಯುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ತನಿಖೆ ಬೇಡದ ಮರಣ ಕ್ಲೇಮನ್ನು 15 ದಿನದಲ್ಲಿ, ತನಿಖೆ ಬೇಕಾದದ್ದನ್ನು 45 ದಿನದಲ್ಲಿ ಕಂಪನಿ ಇತ್ಯರ್ಥ ಮಾಡಬೇಕು. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ಬ್ಯಾಂಕ್ ರೇಟ್‌ಗಿಂತ ಶೇ 2 ಜಾಸ್ತಿ ಬಡ್ಡಿ ಸೇರಿಸಿ ಕೊಡಬೇಕು. ತಡ ಕಂಪನಿಯದ್ದೇ ಎಂದು ತೋರಿಸಬೇಕಾದರೆ ಕಾಗದ ಯಾವತ್ತು ತಲುಪಿತು ಎನ್ನುವುದಕ್ಕೆ ದಾಖಲೆ ಬೇಕಲ್ವಾ? ಅದಕ್ಕೇ ಸ್ಪೀಡ್ ಪೋಸ್ಟ್ ರಸೀದಿ, ಇಮೇಲ್, ಸೀಲು ಹಾಕಿದ ಪ್ರತಿ ಯಾವುದನ್ನೂ ಕಳೆಯಬೇಡಿ. ಕಂಪನಿಯ ಕಡೆಯಿಂದ ತಡವಾಗಿದ್ದರೆ ಈ ಬಡ್ಡಿಯನ್ನು ಬ್ಯಾಂಕು ಎರಡನೇ ಪತ್ರದಲ್ಲಿ ಕೇಳಬೇಕು. ಸುಮ್ನೆ ಇದ್ದರೆ ಯಾರೂ ನೆನಪಿಸುವುದಿಲ್ಲ.

ಶಾಖೆಯೇ ಪತ್ರ ಕಳಿಸದೆ ಕೂತರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಮೊದಲು ಅದರ ದೂರು ಅಧಿಕಾರಿಗೆ ಬರೆಯಿರಿ, ಬೇಕಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದಾಖಲಿಸಿ. ಆಮೇಲೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಬೆಂಗಳೂರಿನಲ್ಲೇ ಕಚೇರಿ ಇದೆ. ಗುಂಪು ವಿಮೆಯ ದೂರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ, ಶುಲ್ಕವಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಹಣ ಬಂದ ಮೇಲೆ

ಜಮೆಯಾದ ದಿನವೇ ಹೊಸ ಸ್ಟೇಟ್‌ಮೆಂಟ್ ತೆಗೆಸಿ. ಹಣ ಸಾಲದ ಖಾತೆಗೇ ಬಂದಿದೆಯೇ, ಶಾಖೆಯ ಯಾವುದೋ ಲೆಕ್ಕದಲ್ಲಿ ಕೂತಿದೆಯೇ ನೋಡಿ. ಅಲ್ಲಿ ಕೂತಷ್ಟು ದಿನವೂ ಸಾಲದ ಮೇಲೆ ಬಡ್ಡಿ ಓಡುತ್ತದೆ. ಆಮೇಲೆ ಉಳಿದ 1.5 ಲಕ್ಷವೋ 1.7 ಲಕ್ಷವೋ ಹೇಗೆ ತೀರಿಸುವುದು ಎಂದು ಸಹಸಾಲಗಾರರು ಅಥವಾ ವಾರಸುದಾರರು ಶಾಖೆಯೊಂದಿಗೆ ಕೂತು ಮಾತಾಡಬೇಕು. 26,000ದ ಹಳೇ ಇಎಂಐ ಮುಂದುವರಿಯಬೇಕು ಎಂದೇನಿಲ್ಲ. ಕಡಿಮೆ ಕಂತು ಮಾಡಿಕೊಡಿ ಎಂದು ಅರ್ಜಿ ಕೊಡಬಹುದು.

ಸಾಲ ಪೂರ್ತಿ ತೀರಿದ ದಿನದಿಂದ 30 ದಿನದೊಳಗೆ ಬ್ಯಾಂಕು ಮನೆಯ ಮೂಲ ಪತ್ರಗಳನ್ನು ಕೊಡಬೇಕು, ನೋಂದಣಿಯಲ್ಲಿರುವ ತನ್ನ ಹಕ್ಕನ್ನೂ ತೆಗೆಸಬೇಕು. ರಿಸರ್ವ್ ಬ್ಯಾಂಕಿನ ಈ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಸಾಲಗಾರರು ತೀರಿಕೊಂಡಾಗ ವಾರಸುದಾರರಿಗೆ ಪತ್ರ ವಾಪಸ್ ಕೊಡುವ ಕ್ರಮವನ್ನು ಪ್ರತಿ ಬ್ಯಾಂಕೂ ಮೊದಲೇ ನಿಗದಿ ಮಾಡಿಟ್ಟಿರಬೇಕು. ಆ ಕ್ರಮದ ಪ್ರತಿಯನ್ನು ಕ್ಲೇಮ್ ಪತ್ರ ಕಳಿಸುವ ದಿನವೇ ಕೇಳಿ ಪಡೆಯಿರಿ. ವಾರಸುದಾರರ ಪ್ರಮಾಣಪತ್ರ ಬೇಕು ಎಂದು ಅದರಲ್ಲಿದ್ದರೆ ವಿಮಾ ಹಣ ಬರುವುದರೊಳಗೆ ಅದನ್ನು ಮಾಡಿಸಿಟ್ಟುಕೊಳ್ಳಬಹುದು. ಸಾಲ ತೆಗೆಯುವಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕುಪತ್ರ ಠೇವಣಿಯ ಕರಾರು ನೋಂದಾಯಿಸಿದ್ದರೆ, ಅದನ್ನು ಬಿಡಿಸಿದ ಮೇಲೆ ಕಾವೇರಿ ಪೋರ್ಟಲ್‌ನಿಂದ ಹೊಸ ಇಸಿ ತೆಗೆದು ಬ್ಯಾಂಕಿನ ಹಕ್ಕು ಬಿಡುಗಡೆಯಾದದ್ದು ದಾಖಲಾಗಿದೆಯೇ ಎಂದು ನೋಡಿಕೊಳ್ಳಿ.